ವಿಮಾ ಬ್ರೋಕರ್ ಬದಲಿಸಿದ ಪತ್ರ ಕೊಟ್ಟರೂ ಕಂಪನಿ ಹಳೆಯವರನ್ನೇ ಹಿಡಿದುಕೊಂಡಿದೆ, ಏನು ಮಾಡಲಿ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮದೊಂದು ಪಾಲುದಾರಿಕೆಯ ಎಣ್ಣೆ ಗಿರಣಿ ಇದೆ. ಬ್ರೋಕರ್ ಬದಲಿಸಿರುವುದಾಗಿ ವಿಮಾ ಕಂಪನಿಗೆ ಪತ್ರ ಕೊಟ್ಟು ಮೂರು ವಾರವಾಯಿತು. ನಕಲಿನ ಮೇಲೆ ಮೊಹರು ಹಾಕಿ ಕೊಟ್ಟಿದ್ದಾರೆ. ಆದರೂ ನವೀಕರಣದ ಕೋಟೇಶನ್ ಹಳೆಯ ಬ್ರೋಕರ್‌ಗೇ ಹೋಗಿದೆ. ಹೊಸಬರು ಫೋನ್ ಮಾಡಿದರೆ ಕಂಪನಿಯವರು ಮಾತೇ ಆಡುವುದಿಲ್ಲ. ಪತ್ರದಲ್ಲಿ ಏನು ತಪ್ಪಾಗಿರಬಹುದು?

ಉತ್ತರ: ಆ ಮೊಹರನ್ನು ಇನ್ನೊಮ್ಮೆ ಓದಿ ನೋಡಿ. ಕಚೇರಿಯ ಹೆಸರು, ‘ಸ್ವೀಕರಿಸಲಾಗಿದೆ’ ಎಂಬ ಮಾತು, ತಾರೀಖು, ಯಾರದೋ ಗೀಚು ಸಹಿ. ಅದನ್ನು ಹಾಕಿದವರು ಆವಕ ವಿಭಾಗದವರು. ಕಾಗದ ತಮ್ಮ ಮೇಜಿಗೆ ಬಂತು ಎಂಬುದಷ್ಟೇ ಅವರ ಸಾಕ್ಷಿ. ನಿಮ್ಮ ಪಾಲಿಸಿಯ ದಾಖಲೆಯಲ್ಲಿ ಬ್ರೋಕರ್ ಹೆಸರು ಬದಲಾಗಬೇಕಾದರೆ ಅದನ್ನು ನೋಡಿಕೊಳ್ಳುವ ಅಧಿಕಾರಿ ಬೇರೆ, ಹಲವು ಕಂಪನಿಗಳಲ್ಲಿ ಆ ಕೆಲಸ ನಡೆಯುವ ಊರೂ ಬೇರೆ. ಅಲ್ಲಿಯವರೆಗೆ ಕಾಗದ ಹೋಗಿದೆಯೋ ಇಲ್ಲವೋ ಎಂಬುದನ್ನು ಮೊಹರು ಹೇಳುವುದಿಲ್ಲ.

ನಾನು ಬ್ಯಾಡಗಿಯ ಕೋಲ್ಡ್ ಸ್ಟೋರೇಜ್ ಒಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ಇದೇ ಹಳ್ಳಕ್ಕೆ ನಾವೂ ಬಿದ್ದಿದ್ದೆವು. ನಮ್ಮಲ್ಲಿ ಮೂರು ಪಾಲಿಸಿಗಳಿದ್ದವು. ಕಟ್ಟಡಕ್ಕೂ ದಾಸ್ತಾನಿಗೂ ಬೆಂಕಿ ವಿಮೆ, ಕಂಪ್ರೆಸರ್‌ಗಳಿಗೆ ಯಂತ್ರ ಕೆಡುವ ವಿಮೆ, ಯಂತ್ರ ನಿಂತು ಮೆಣಸಿನಕಾಯಿ ಹಾಳಾದರೆ ಬರುವ ಇನ್ನೊಂದು ವಿಮೆ. ಮೂರೂ ಮುಗಿಯುವುದು ಮಾರ್ಚ್ 31ಕ್ಕೆ, ಅಂದರೆ ಹೊಸ ಮಾಲಿನ ಚೀಲಗಳು ಕೋಣೆಗಳಲ್ಲಿ ಅಟ್ಟದವರೆಗೆ ಏರಿ ನಿಂತಿರುವ ಹೊತ್ತಿಗೆ. ಫೆಬ್ರವರಿ 10ರಂದು ಪತ್ರ ಕೊಟ್ಟು ಮೊಹರು ಹಾಕಿಸಿಕೊಂಡು ಬಂದೆ. ಕೆಲಸವಾಯಿತೆಂದು ನಿಶ್ಚಿಂತನಾದೆ.

ಮಾರ್ಚ್ ಮೊದಲ ವಾರ ಹೊಸ ಬ್ರೋಕರ್ ಫೋನ್ ಮಾಡಿ, ‘ನಿಮ್ಮವರೇ ಹಳಬರಿಗೆ ಮತ್ತೆ ಅಧಿಕಾರ ಕೊಟ್ಟಿದ್ದಾರಂತಲ್ಲ’ ಎಂದರು. ವಿಚಾರಿಸಿದಾಗ ತಿಳಿಯಿತು: ಫೆಬ್ರವರಿ 24ರಂದು ಹಳೆಯ ಬ್ರೋಕರ್ ಕಡೆಯ ಹುಡುಗ ಬಂದಿದ್ದಾನೆ. ನಮ್ಮ ಸಾಹುಕಾರರು ಹರಾಜಿಗೆ ಹೊರಟು ನಿಂತಿದ್ದರು. ‘ನವೀಕರಣದ ಕೋಟೇಶನ್‌ಗೆ ಒಂದು ಸಹಿ ಸಾಹುಕಾರರೇ’ ಎಂದಿದ್ದಾನೆ, ಇವರು ಗಾಡಿಯ ಬಾನೆಟ್ ಮೇಲೆಯೇ ಕಾಗದವಿಟ್ಟು ಸಹಿ ಹಾಕಿದ್ದಾರೆ. ಅದು ಹೊಸ ನೇಮಕ ಪತ್ರವಾಗಿತ್ತು. ಒಂದೇ ಗಿರಾಕಿಯಿಂದ ಎರಡು ಪತ್ರ ಬಂದರೆ ಕಂಪನಿ ಸಾಮಾನ್ಯವಾಗಿ ತಾರೀಖಿನಲ್ಲಿ ಕೊನೆಯದನ್ನೇ ಹಿಡಿಯುತ್ತದೆ. ಅದು ನ್ಯಾಯವೇ, ದೂರುವಂತಿರಲಿಲ್ಲ. ಆದ್ದರಿಂದ ನೀವು ಮೊದಲು ಕೇಳಬೇಕಾದದ್ದು ಕಂಪನಿಯನ್ನಲ್ಲ, ನಿಮ್ಮ ಪಾಲುದಾರರನ್ನು: ಈ ಮೂರು ವಾರಗಳಲ್ಲಿ ಯಾವುದಾದರೂ ಕಾಗದಕ್ಕೆ ಸಹಿ ಹಾಕಿದ್ದೀರಾ ಎಂದು.

ಮಾರ್ಚ್ 4ರಂದು ಹೊಸ ಪತ್ರ ಬರೆದೆವು. ಹಳೆಯದರಲ್ಲಿ ‘ಇನ್ನು ಮುಂದೆ ಇಂಥವರು ನಮ್ಮ ಬ್ರೋಕರ್’ ಎಂದಷ್ಟೇ ಇತ್ತು. ಈ ಸಲ ಸಂಸ್ಥೆಯ ಲೆಟರ್‌ಹೆಡ್ ಮೇಲೆ ಹೀಗೆ ಬರೆದೆವು:

‘ಕೆಳಗೆ ನಮೂದಿಸಿದ ಪಾಲಿಸಿಗಳಿಗೆ ಈ ದಿನದಿಂದ ಇಂಥ ಸಂಸ್ಥೆಯನ್ನು ನಮ್ಮ ಏಕೈಕ ಬ್ರೋಕರ್ ಆಗಿ ನೇಮಿಸಿದ್ದೇವೆ. ಫೆಬ್ರವರಿ 24ರ ಪತ್ರವೂ ಸೇರಿ ಹಿಂದೆ ಕೊಟ್ಟ ಎಲ್ಲ ಅಧಿಕಾರ ಪತ್ರಗಳು ಇದರಿಂದ ರದ್ದಾಗಿವೆ. ಮಾಹಿತಿ ಪಡೆಯಲು, ಕೋಟೇಶನ್ ಕೇಳಲು, ನವೀಕರಣದ ಮಾತುಕತೆ ನಡೆಸಲು ಅವರಿಗೆ ಅಧಿಕಾರವಿದೆ. ಪಾಲಿಸಿ ರದ್ದುಪಡಿಸಲು, ವಿಮಾ ಮೊತ್ತ ಇಳಿಸಲು, ಕ್ಲೇಮಿನ ಮೊತ್ತ ಒಪ್ಪಿ ಸಹಿ ಹಾಕಲು ಅಧಿಕಾರವಿಲ್ಲ. ಇಬ್ಬರೂ ಪಾಲುದಾರರ ಸಹಿ ಇಲ್ಲದ ಯಾವ ಪತ್ರದಿಂದಲೂ ಈ ನೇಮಕವನ್ನು ಬದಲಿಸಬಾರದು.’

ಕೊನೆಯ ವಾಕ್ಯವೇ ಬಾನೆಟ್ ಸಹಿಗೆ ಹಾಕಿದ ಬೀಗ. ಕೆಳಗೆ ಇಬ್ಬರ ಸಹಿ, ಸಂಸ್ಥೆಯ ಮೊಹರು, ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಹೊಸ ಬ್ರೋಕರ್‌ಗೆ ಕೊಟ್ಟ ನೋಂದಣಿ ಸಂಖ್ಯೆ ಮತ್ತು ಅದರ ಅವಧಿ. ನೋಂದಣಿ ಚಾಲ್ತಿಯಲ್ಲಿಲ್ಲದಿದ್ದರೆ ಪತ್ರಕ್ಕೆ ಅರ್ಥವಿಲ್ಲ. ನಿಮ್ಮದು ಖಾಸಗಿ ಕಂಪನಿಯಾಗಿದ್ದರೆ ಸಹಿ ಮಾಡುವವರ ಹೆಸರಿನಲ್ಲಿ ಆಡಳಿತ ಮಂಡಳಿಯ ಠರಾವಿನ ನಕಲನ್ನೂ ಕೇಳಬಹುದಿತ್ತು, ಪಾಲುದಾರಿಕೆಗೆ ಇಬ್ಬರ ಸಹಿ ಸಾಕಾಯಿತು.

ಇನ್ನು ನಿಮಗೆ ಬೇಕಾದ ಒಪ್ಪಿಗೆಯ ವಿಷಯ. ‘ದಯವಿಟ್ಟು ದಾಖಲಿಸಿಕೊಳ್ಳಿ’ ಎಂದು ಬರೆದರೆ ಯಾರೂ ಉತ್ತರ ಕೊಡುವುದಿಲ್ಲ. ಉತ್ತರದಲ್ಲಿ ಏನಿರಬೇಕು ಎಂಬುದನ್ನು ನೀವೇ ಪತ್ರದಲ್ಲಿ ಕೇಳಬೇಕು. ನಾವು ಕೇಳಿದ್ದು ಮೂರೇ: ಹೊಸ ಬ್ರೋಕರ್ ಹೆಸರು ಯಾವ ತಾರೀಖಿನಿಂದ ದಾಖಲಾಗಿದೆ, ಯಾವ ಯಾವ ಪಾಲಿಸಿ ಸಂಖ್ಯೆಗಳಿಗೆ ಅನ್ವಯಿಸುತ್ತದೆ, ಹಳೆಯ ಬ್ರೋಕರ್‌ಗೆ ಕೋಟೇಶನ್ ಮತ್ತು ಮಾಹಿತಿ ಕೊಡುವುದನ್ನು ನಿಲ್ಲಿಸಲಾಗಿದೆಯೇ. ಪತ್ರವನ್ನು ಆವಕಕ್ಕೆ ಕೊಟ್ಟ ದಿನವೇ ಶಾಖಾ ವ್ಯವಸ್ಥಾಪಕರಿಗೆ ಇಮೇಲ್‌ನಲ್ಲೂ ಕಳುಹಿಸಿ, ಇಂಗ್ಲಿಷ್ ಪ್ರತಿಯನ್ನೂ ಜೊತೆಗಿಟ್ಟೆವು. ಕಡತ ಹುಬ್ಬಳ್ಳಿ ದಾಟಿ ಹೋದರೆ ಕನ್ನಡ ಓದುವವರು ಸಿಗುತ್ತಾರೆಂಬ ಭರವಸೆ ನನಗಿಲ್ಲ. ನಕಲೊಂದು ಹಳೆಯ ಬ್ರೋಕರ್‌ಗೂ ಹೋಯಿತು. ಮುಚ್ಚಿಟ್ಟು ಮಾಡಿದ್ದರಿಂದಲೇ ಮೊದಲ ಸಲ ಹುಡುಗ ಕಾಗದ ಹಿಡಿದು ಓಡಿಬಂದದ್ದು ಎಂಬುದು ನನ್ನ ಗುಮಾನಿ.

ಮಾರ್ಚ್ 11ಕ್ಕೆ ಉತ್ತರ ಬಂತು. ತೆರೆದು ನೋಡಿದರೆ ಬೆಂಕಿ ವಿಮೆ ಮತ್ತು ಯಂತ್ರದ ವಿಮೆ, ಎರಡರ ಸಂಖ್ಯೆ ಮಾತ್ರ. ಮೂರನೆಯದು ಹಳೆಯ ಬ್ರೋಕರ್ ಹೆಸರಿನಲ್ಲೇ ಉಳಿದಿತ್ತು. ಇದು ಸಣ್ಣ ವಿಷಯವೆನಿಸಬಹುದು, ಆದರೆ ದಾಸ್ತಾನು ಹಾಳಾಗುವ ಪಾಲಿಸಿ ನಿಂತಿರುವುದೇ ಯಂತ್ರದ ಪಾಲಿಸಿಯ ಆಧಾರದ ಮೇಲೆ. ಕಂಪ್ರೆಸರ್ ಕೆಟ್ಟರೆ ಯಂತ್ರದ ಕ್ಲೇಮು ಒಬ್ಬ ಬ್ರೋಕರ್ ಮೂಲಕ, ಅದರಿಂದಲೇ ಕೆಟ್ಟ ಮೆಣಸಿನಕಾಯಿಯ ಕ್ಲೇಮು ಇನ್ನೊಬ್ಬರ ಮೂಲಕ ಹೋಗಿ, ನಷ್ಟ ಅಳೆಯಲು ಬರುವ ಸರ್ವೇಯರ್ ಎದುರು ಎರಡು ಕಥೆಗಳು ನಿಲ್ಲುತ್ತಿದ್ದವು. ಪಾಲಿಸಿ ಸಂಖ್ಯೆಗಳನ್ನು ಬರೆಸಿಕೊಳ್ಳಿ ಎನ್ನುವುದು ಇದಕ್ಕೇ. ಅದೇ ದಿನ ಮರು ಇಮೇಲ್ ಹಾಕಿ ಮೂರನೆಯದನ್ನೂ ಸೇರಿಸಿಕೊಂಡೆವು. ಹೊಸಬರ ಮೂಲಕ 18ಕ್ಕೆ ಕೋಟೇಶನ್ ಬಂತು, 27ಕ್ಕೆ ಪ್ರೀಮಿಯಂ ಕಟ್ಟಿದೆವು.

ಈ ತಾರೀಖುಗಳನ್ನು ಹೇಳುತ್ತಿರುವುದಕ್ಕೆ ಕಾರಣವಿದೆ. ವಿಮಾ ಕಾಯ್ದೆಯ 64ವಿಬಿ ಕಲಮಿನ ಪ್ರಕಾರ ಪ್ರೀಮಿಯಂ ಮುಂಚಿತವಾಗಿ ಬರದೆ ಕಂಪನಿ ಹೊಣೆ ಹೊರುವಂತಿಲ್ಲ. ಬ್ರೋಕರ್ ಯಾರೆಂಬ ಜಗಳ ನಡೆಯುತ್ತಿದೆ ಎಂದು ಪಾಲಿಸಿ ನಿಮಗಾಗಿ ಕಾಯುವುದಿಲ್ಲ. ನಿಮ್ಮ ಪಾಲಿಸಿ ಮುಗಿಯಲು ಹತ್ತು ದಿನಕ್ಕಿಂತ ಕಡಿಮೆ ಉಳಿದಿದ್ದು, ಉತ್ತರವಿನ್ನೂ ಬಂದಿಲ್ಲವೆಂದರೆ, ಬ್ರೋಕರ್‌ಗಳಿಬ್ಬರನ್ನೂ ಬದಿಗಿಟ್ಟು ಶಾಖೆಗೆ ನೀವೇ ಹೋಗಿ ಕೋಟೇಶನ್ ಪಡೆದು ಹಣ ಕಟ್ಟಿ. ಬ್ರೋಕರ್ ಇಲ್ಲದೆಯೂ ಪಾಲಿಸಿ ಸಿಗುತ್ತದೆ. ಗಿರಣಿಯ ದಾಸ್ತಾನನ್ನು ಬ್ಯಾಂಕಿಗೆ ಅಡವಿಟ್ಟಿದ್ದರೆ ಹೊಸ ಪಾಲಿಸಿಯಲ್ಲಿ ಬ್ಯಾಂಕಿನ ಹೆಸರು ಬಿಟ್ಟುಹೋಗಿಲ್ಲವೇ ಎಂದು ಅಲ್ಲಿಯೇ ನೋಡಿಕೊಳ್ಳಿ.

ನಡೆಯುತ್ತಿರುವ ಕ್ಲೇಮು ಇದ್ದರೆ ಅದನ್ನು ಯಾರು ನೋಡಿಕೊಳ್ಳಬೇಕು ಎಂದು ಪತ್ರದಲ್ಲಿ ಬಿಡಿಸಿ ಬರೆಯಿರಿ. ಈ ವರ್ಷದ ಕಮಿಷನ್ ಹಳಬರಿಗೆ ಆಗಲೇ ಸಂದಿರುತ್ತದೆ. ಬಿಡಿಗಾಸೂ ಸಿಗದ ಕಡತವನ್ನು ಹೊಸಬರು ಎಷ್ಟು ಉತ್ಸಾಹದಿಂದ ಹೊರುತ್ತಾರೆ ಎಂಬುದನ್ನು ಬಾಯಿಮಾತಿನಲ್ಲಿ ನಂಬಬೇಡಿ, ಅವರಿಂದಲೂ ಒಂದು ಸಾಲು ಬರೆಸಿಕೊಳ್ಳಿ. ಇನ್ನೊಂದು ಮಾತು: ನೀವು ಬ್ರೋಕರ್ ಎನ್ನುತ್ತಿರುವವರು ನಿಜಕ್ಕೂ ಬ್ರೋಕರೇ, ಆ ಕಂಪನಿಯ ಏಜೆಂಟರೇ ನೋಡಿ. ಬ್ರೋಕರ್ ನಿಮ್ಮ ಪರ ನಿಲ್ಲುವವರು, ಏಜೆಂಟ್ ಕಂಪನಿಯವರು. ಏಜೆಂಟರಾಗಿದ್ದರೆ ಈ ಪತ್ರದ ಬಲದಿಂದ ಅವರನ್ನು ಬದಲಿಸಲಾಗದು.

ಹೊಸ ಪತ್ರ ಕೊಟ್ಟು ವಾರವಾದರೂ ಉತ್ತರ ಬರದಿದ್ದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಅಲ್ಲಿಯೂ ಆಗದಿದ್ದರೆ ಐಆರ್‌ಡಿಎಐನ ‘ಬಿಮಾ ಭರೋಸಾ’ ಪೋರ್ಟಲ್ ಇದೆ. ನಮಗೆ ಅಷ್ಟು ದೂರ ಹೋಗುವ ಪ್ರಸಂಗ ಬರಲಿಲ್ಲ. ಸಾಹುಕಾರರು ಈಗಲೂ ಗಾಡಿಯ ಬಾನೆಟ್ ಮೇಲೆಯೇ ಸಹಿ ಹಾಕುತ್ತಾರೆ, ಆದರೆ ವಿಮೆಯ ಕಾಗದವಾದರೆ ಮೊದಲು ನನಗೆ ಫೋನ್ ಮಾಡುತ್ತಾರೆ.