ಸ್ಕ್ಯಾನ್ ನಾರ್ಮಲ್ ಬಂದಿದೆ, ಮಗ ಕಬಡ್ಡಿ ಆಡಬಹುದೇ?

ಪ್ರಶ್ನೆ: ನನ್ನ ಮಗನಿಗೆ 17 ವರ್ಷ, ಎರಡನೇ ಪಿಯುಸಿ. ಮಂಗಳವಾರ ಸಂಜೆ ಗೆಳೆಯನ ಸ್ಕೂಟರಿನಲ್ಲಿ ಹಿಂದೆ ಕೂತು ಬರುವಾಗ ಸಂತೆಕಟ್ಟೆ ಹತ್ತಿರ ಮಳೆಗೆ ಸ್ಕೂಟರ್ ಜಾರಿ ಬಿದ್ದ. ಪ್ರಜ್ಞೆ ತಪ್ಪಲಿಲ್ಲ, ಆದರೆ ಹೇಗೆ ಬಿದ್ದೆ ಅನ್ನೋದು ನೆನಪಿಲ್ಲ. ಒಂದು ಸಲ ವಾಂತಿ ಆಯ್ತು. ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಮಾಡಿ, ನಾರ್ಮಲ್ ಅಂತ ರಾತ್ರಿಯೇ ಮನೆಗೆ ಕಳಿಸಿದರು. ತಲೆಗೆ ಪೆಟ್ಟಾದವರು ಮಲಗಬಾರದು ಅಂತ ನಮ್ಮ ಅತ್ತೆ ಅವನನ್ನು ಬೆಳಗಿನವರೆಗೂ ಕೂರಿಸಿದರು. ಈಗ ಮೂರು ದಿನ ಆಯ್ತು. ತಲೆನೋವಿದೆ, ಓದಲು ಕೂತರೆ ಮಂಕಾಗುತ್ತದೆ ಅನ್ನುತ್ತಾನೆ. ಮುಂದಿನ ವಾರದ ಭಾನುವಾರ ಕಬಡ್ಡಿ ಪಂದ್ಯ, ಅವನು ತಂಡದ ರೈಡರ್. ಸ್ಕ್ಯಾನ್ ಸರಿ ಇದೆಯಲ್ಲ, ಆಡಲಿ ಬಿಡು ಅನ್ನುತ್ತಾರೆ ಅವರಪ್ಪ. ಆಡಬಹುದೇ?
— ಒಬ್ಬ ತಾಯಿ, ಬ್ರಹ್ಮಾವರ

ಉತ್ತರ: ಆ ಪಂದ್ಯ ಬೇಡ. ಅಷ್ಟರೊಳಗೆ ತಲೆನೋವು ಪೂರ್ತಿ ಹೋದರೂ ಬೇಡ.

ಮನೆಯವರು ಹೇಳಿದ ಮಾತಿನಿಂದಲೇ ಶುರು ಮಾಡೋಣ, ಏಕೆಂದರೆ ಗೊಂದಲ ಇರುವುದು ಅಲ್ಲೇ. ಸಿಟಿ ಸ್ಕ್ಯಾನ್ ತೋರಿಸುವುದು ಮುಖ್ಯವಾಗಿ ಎರಡು ವಿಷಯ: ತಲೆಬುರುಡೆ ಬಿರುಕು ಬಿಟ್ಟಿದೆಯೇ, ಒಳಗೆ ರಕ್ತ ಸೋರಿದೆಯೇ. ಆಪರೇಷನ್ ಬೇಕೇ ಬೇಡವೇ ಎಂದು ತೀರ್ಮಾನಿಸಲು ಅದು ಸಾಕು. ನಿಮ್ಮ ಮಗನಿಗೆ ಆಗಿರುವುದನ್ನು ವೈದ್ಯರು ಕನ್ಕಷನ್ ಅನ್ನುತ್ತಾರೆ. ತಲೆ ರಸ್ತೆಗೆ ಬಡಿದಾಗ ಒಳಗೆ ಮೆದುಳು ಕುಲುಕಿ ಹೋಗುತ್ತದೆ. ನರಕೋಶಗಳ ಒಳಗೂ ಹೊರಗೂ ಇರಬೇಕಾದ ಲವಣಗಳ ಲೆಕ್ಕ ತಪ್ಪುತ್ತದೆ. ಅದನ್ನು ಮತ್ತೆ ಸರಿ ಮಾಡಿಕೊಳ್ಳಲು ಕೋಶಗಳಿಗೆ ಜಾಸ್ತಿ ಶಕ್ತಿ ಬೇಕು, ಆದರೆ ಅದೇ ಹೊತ್ತಿಗೆ ಮೆದುಳಿಗೆ ರಕ್ತ ಪೂರೈಕೆ ತುಸು ಕಡಿಮೆಯಾಗಿರುತ್ತದೆ. ಹೀಗಾಗಿ ಕೆಲವು ದಿನ, ಕೆಲವೊಮ್ಮೆ ಕೆಲವು ವಾರ, ಮೆದುಳು ಕೊರತೆಯಲ್ಲೇ ಕೆಲಸ ಮಾಡುತ್ತದೆ. ಇದು ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ಮನೆಯ ಫೋಟೋದಲ್ಲಿ ಗೋಡೆಯ ಬಿರುಕು ಕಾಣುತ್ತದೆ, ಕರೆಂಟು ಏರುಪೇರಾಗುತ್ತಿರುವುದು ಕಾಣುತ್ತದೆಯೇ? ಹಾಗೆ. ಪ್ರಜ್ಞೆ ತಪ್ಪಲಿಲ್ಲ ಎಂಬುದೂ ಸಮಾಧಾನದ ಮಾತಲ್ಲ. ಕನ್ಕಷನ್ ಆದ ಹೆಚ್ಚಿನವರಿಗೆ ಪ್ರಜ್ಞೆ ತಪ್ಪುವುದೇ ಇಲ್ಲ. ಬಿದ್ದದ್ದೇ ನೆನಪಿಲ್ಲ ಅಂದನಲ್ಲ, ನನ್ನ ಮಟ್ಟಿಗೆ ಅದೇ ದೊಡ್ಡ ಸುಳಿವು.

ಹಾಗಾಗಿ ಮೊದಲ ಒಂದು ದಿನ ನಾವು ಕಾಯುವುದು ರಕ್ತಸ್ರಾವಕ್ಕಾಗಿ. ಆಮೇಲೆ ಕಾಯುವುದು ಮೆದುಳು ಸುಧಾರಿಸಿಕೊಳ್ಳಲಿ ಎಂದು. ಎರಡಕ್ಕೂ ಬೇರೆ ಬೇರೆ ಲೆಕ್ಕ.

ನಿಮ್ಮ ಮಗ ಮೊದಲ ದಿನ ದಾಟಿದ್ದಾನೆ. ಆದರೂ ಈ ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲೋ ಹೆದ್ದಾರಿಯಲ್ಲೋ ಬೀಳುವವರು ಇನ್ನೂ ಇದ್ದಾರೆ, ಹಾಗಾಗಿ ಬರೆಯುತ್ತೇನೆ. ನಾವು ಹೆಚ್ಚು ಹೆದರುವುದು ಇದಕ್ಕೆ: ಕಣತಲೆಯ ಹತ್ತಿರ, ಬುರುಡೆಯ ಒಳಮೈಗೆ ಅಂಟಿಕೊಂಡಂತೆ ಒಂದು ರಕ್ತನಾಳ ಹೋಗುತ್ತದೆ. ಅಲ್ಲಿ ಮೂಳೆ ತೆಳು. ಮೂಳೆ ಬಿರುಕು ಬಿಟ್ಟು ಆ ನಾಳ ಹರಿದರೆ, ಬುರುಡೆಗೂ ಮೆದುಳಿನ ಹೊದಿಕೆಗೂ ನಡುವೆ ರಕ್ತ ತುಂಬುತ್ತಾ ಹೋಗುತ್ತದೆ. ತುಂಬಲು ಕೆಲವು ಗಂಟೆ ಹಿಡಿಯಬಹುದು. ಅಷ್ಟು ಹೊತ್ತು ಮನುಷ್ಯ ಚೆನ್ನಾಗಿ ಮಾತಾಡುತ್ತಾನೆ, ಕಾಫಿ ಕುಡಿಯುತ್ತಾನೆ, ಏನೂ ಆಗಿಲ್ಲ ಅನ್ನುತ್ತಾನೆ. ಆಮೇಲೆ ಒಮ್ಮೆಲೇ ಮಂಪರು. ಸ್ಕ್ಯಾನ್ ನಾರ್ಮಲ್ ಬಂದ ಮೇಲೆ ಹೀಗಾಗುವುದು ಅಪರೂಪ. ಆದರೆ ಬಿದ್ದ ಅರ್ಧ ಗಂಟೆಯಲ್ಲೇ ತೆಗೆದ ಸ್ಕ್ಯಾನು ಆಗಿನ ಸ್ಥಿತಿಯನ್ನಷ್ಟೇ ತೋರಿಸುತ್ತದೆ. ಅದಕ್ಕೇ ಮನೆಗೆ ಕಳಿಸುವಾಗಲೂ 24 ಗಂಟೆ ಒಬ್ಬರು ಜೊತೆಗಿರಿ ಎಂದು ಹೇಳುವುದು.

ಏನನ್ನು ನೋಡಬೇಕು? ತಲೆನೋವು ಇರುವುದು ಸಹಜ. ಗಂಟೆಯಿಂದ ಗಂಟೆಗೆ ಏರುತ್ತಾ ಹೋಗುವುದು ಸಹಜವಲ್ಲ. ಒಂದು ವಾಂತಿ ಬಹಳ ಮಂದಿಗೆ ಆಗುತ್ತದೆ, ಎರಡನೆಯದಾದರೆ ವಾಪಸ್ ಆಸ್ಪತ್ರೆಗೆ ಹೊರಡಿ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಮನೆಯವರ ಗುರುತು ತಪ್ಪುವುದು, ಕಾರಣವಿಲ್ಲದೆ ಕೂಗಾಡುವುದು, ಮಾತು ತೊದಲುವುದು, ಒಂದು ಕೈಯೋ ಕಾಲೋ ಸೋಲುವುದು, ವಸ್ತು ಎರಡೆರಡಾಗಿ ಕಾಣುವುದು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು, ಫಿಟ್ಸ್ ಬರುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ಮೂಗು ಅಥವಾ ಕಿವಿಯಿಂದ ನೀರಿನಂಥ ದ್ರವ ಇಳಿಯುವುದು, ಕಿವಿಯ ಹಿಂದೆ ಅಥವಾ ಎರಡೂ ಕಣ್ಣಿನ ಸುತ್ತ ಕಪ್ಪಗೆ ಕಂದುವುದು ಬುರುಡೆಯ ತಳ ಒಡೆದಿರುವುದರ ಗುರುತು. 108ಕ್ಕೆ ಕರೆ ಮಾಡಿ. ಸಿಟಿ ಸ್ಕ್ಯಾನ್ ಮತ್ತು ಮೆದುಳಿನ ಆಪರೇಷನ್ ಎರಡೂ ಇರುವ ಆಸ್ಪತ್ರೆಗೇ ಹೋಗಿ. ಬೈಂದೂರು ಕಡೆಯವರಾದರೆ ಇನ್ನೂ ಬೇಗ ಹೊರಡಬೇಕು, ದಾರಿಯಲ್ಲೇ ಹೊತ್ತು ಹೋಗುತ್ತದೆ.

ನಿದ್ದೆಯ ವಿಷಯ. ನಿಮ್ಮ ಅತ್ತೆಯವರ ಭಯಕ್ಕೆ ಕಾರಣ ಇದೆ. ಆದರೆ ನಿದ್ದೆಯಿಂದ ಮೆದುಳಿನಲ್ಲಿ ರಕ್ತಸ್ರಾವ ಆಗುವುದಿಲ್ಲ. ಆಗುತ್ತಿರುವ ರಕ್ತಸ್ರಾವ ನಿದ್ದೆಯಂತೆ ಕಾಣಬಹುದು, ತೊಂದರೆ ಅಷ್ಟೇ. ವೈದ್ಯರು ನೋಡಿ ಕಳಿಸಿದ್ದಾರೆ, ಹುಡುಗ ಸರಿಯಾಗಿ ಮಾತಾಡುತ್ತಾನೆ, ನಡೆಯುತ್ತಾನೆ ಎಂದರೆ ಮಲಗಲಿ. ಅದೇ ಕೋಣೆಯಲ್ಲಿ ಒಬ್ಬರು ಮಲಗಿ. ನಡುವೆ ಒಂದೆರಡು ಸಲ ಎಬ್ಬಿಸಿ ನೋಡಿ ಎಂದು ವೈದ್ಯರು ಹೇಳಿದ್ದರೆ ಹಾಗೇ ಮಾಡಿ. ತಟ್ಟಿದಾಗ ಕಣ್ಣು ಬಿಟ್ಟು, 'ಎಂತದು ಅಮ್ಮ, ಮಲಗಲಿಕ್ಕೆ ಬಿಡಿ' ಎಂದು ಗೊಣಗಿ ಮಗ್ಗುಲಾದರೆ ನೀವೂ ಮಲಗಬಹುದು. ಎಷ್ಟು ಅಲುಗಾಡಿಸಿದರೂ ಸರಿಯಾಗಿ ಎಚ್ಚರವಾಗದಿದ್ದರೆ ಅದು ನಿದ್ದೆಯಲ್ಲ. ನೋವಿಗೆ ಪ್ಯಾರಸಿಟಮಾಲ್ ಕೊಡಿ. ಐಬುಪ್ರೊಫೇನ್, ಡೈಕ್ಲೋಫೆನಾಕ್, ಆಸ್ಪಿರಿನ್ ಮೊದಲ ಎರಡು ದಿನ ಬೇಡ, ಅವು ರಕ್ತಸ್ರಾವ ಹೆಚ್ಚಿಸಬಹುದು. ನಿದ್ದೆ ಮಾತ್ರೆ ಬೇಡವೇ ಬೇಡ.

ಅತ್ತೆಯವರ ಮಾತು ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. 65 ದಾಟಿದವರು ಬಚ್ಚಲಲ್ಲಿ ಬಿದ್ದು ತಲೆಗೆ ತಾಗಿದರೆ, ಅಥವಾ ವಾರ್ಫರಿನ್, ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಬಿದ್ದರೆ, ಲಕ್ಷಣ ಏನೂ ಇಲ್ಲದಿದ್ದರೂ ಆಸ್ಪತ್ರೆಗೆ ತೋರಿಸಿ. ಅವರಿಗೆ ರಕ್ತ ನಿಧಾನವಾಗಿ ಸೋರಿ, ಎರಡು ಮೂರು ವಾರ ಕಳೆದ ಮೇಲೆ ಮರೆವೋ ನಡಿಗೆಯ ತಡವರಿಕೆಯೋ ಆಗಿ ಕಾಣಿಸಿಕೊಳ್ಳುವುದುಂಟು. ಆಗ ಬಿದ್ದದ್ದು ಯಾರಿಗೂ ನೆನಪಿರುವುದಿಲ್ಲ.

ಈಗ ಕಬಡ್ಡಿ. ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವ ಪದ್ಧತಿ ಈಗ ಇಲ್ಲ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕ್ರೀಡಾ ಕನ್ಕಷನ್ ತಜ್ಞರ ಅಂತಾರಾಷ್ಟ್ರೀಯ ಸಭೆ ನಡೆಯಿತು. ಮೊದಲ ಒಂದೆರಡು ದಿನ ಸಾಕಷ್ಟು ವಿಶ್ರಾಂತಿ, ಮೊಬೈಲ್ ಕಡಿಮೆ, ಆಮೇಲೆ ಹಗುರವಾಗಿ ಮೈ ಆಡಿಸುವುದು ಚೇತರಿಕೆಗೆ ಒಳ್ಳೆಯದು ಎಂಬುದು ಅಲ್ಲಿಂದ ಬಂದ ಸಲಹೆ. ಅಂದರೆ ನಿಮ್ಮ ಮಗ ಈಗಲೇ ಮನೆಯ ಸುತ್ತ 15 ನಿಮಿಷ ನಡೆಯಬಹುದು. ಓದುವುದಾದರೆ 20 ನಿಮಿಷ ಓದಿ, ಸ್ವಲ್ಪ ಬಿಟ್ಟು, ಮತ್ತೆ ಓದಲಿ. ಕಾಲೇಜಿಗೆ ಮೊದಲು ಅರ್ಧ ದಿನ ಹೋಗಲಿ. ಲ್ಯಾಬ್ ಮತ್ತು ಟೆಸ್ಟಿಗೆ ಕೆಲವು ದಿನ ವಿನಾಯಿತಿ ಕೊಡುವಂತೆ ಪ್ರಿನ್ಸಿಪಾಲರಿಗೆ ಒಂದು ಚೀಟಿ ಬರೆದುಕೊಡಿ. ಮೈದಾನಕ್ಕಿಂತ ಮೊದಲು ತರಗತಿ.

ವ್ಯಾಯಾಮಕ್ಕೆ ಒಂದು ಅಳತೆ ಹೇಳುತ್ತೇನೆ. ಅವನ ವಯಸ್ಸಿಗೆ ಹೃದಯದ ಗರಿಷ್ಠ ಬಡಿತ ನಿಮಿಷಕ್ಕೆ ಸುಮಾರು 200. ಶುರುವಿಗೆ ಅದರ ಅರ್ಧಕ್ಕಿಂತ ತುಸು ಜಾಸ್ತಿ ಸಾಕು. ಮಣಿಕಟ್ಟಿನ ನಾಡಿ 15 ಸೆಕೆಂಡಿನಲ್ಲಿ 28 ಸಲ ಬಡಿಯುವಷ್ಟು ಚುರುಕಾದ ನಡಿಗೆ. ಅದು ಹಿಡಿಸಿದರೆ, ಮರುದಿನದಿಂದ ನಾಡಿ 35ಕ್ಕೆ ಏರುವಷ್ಟು ನಿಧಾನ ಓಟ ಅಥವಾ ನಿಂತಲ್ಲೇ ಇರುವ ಸೈಕಲ್. ಶುರು ಮಾಡುವ ಮೊದಲು ತಲೆನೋವಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಅವನನ್ನು ಕೇಳಿ. ವ್ಯಾಯಾಮದಲ್ಲಿ ಅದು ಎರಡು ಅಂಕದವರೆಗೆ ಏರಿ, ಒಂದು ಗಂಟೆಯೊಳಗೆ ಇಳಿದರೆ ಪರವಾಗಿಲ್ಲ. ಅದಕ್ಕಿಂತ ಹೆಚ್ಚಾದರೆ ನಿಲ್ಲಿಸಿ, ಮರುದಿನ ಸ್ವಲ್ಪ ಕಡಿಮೆ ಮಾಡಿ. ಒಂದೊಂದು ಹಂತಕ್ಕೂ ಕನಿಷ್ಠ ಒಂದು ದಿನ ಕೊಡಿ. ಆಮೇಲೆ ಒಬ್ಬನೇ ಮಾಡುವ ಓಟ, ತಿರುಗುವಿಕೆ, ಕಾಲ್ಚಳಕ. ಅಲ್ಲಿಯವರೆಗೆ ಯಾರೂ ಅವನನ್ನು ಹಿಡಿಯಬಾರದು, ಅವನ ತಲೆ ಎಲ್ಲಿಗೂ ತಾಗುವ ಸಂದರ್ಭ ಇರಬಾರದು.

ತಂಡದೊಡನೆ ಅಭ್ಯಾಸ ಮಾಡಲು ಮಾತ್ರ ಲಕ್ಷಣ ಪೂರ್ತಿ ಹೋಗಿರಬೇಕು. ಅದೂ ಮಾತ್ರೆ ಇಲ್ಲದೆ. ಬೆಳಿಗ್ಗೆ ಪ್ಯಾರಸಿಟಮಾಲ್ ನುಂಗಿ 'ನೋವಿಲ್ಲ' ಅಂದರೆ ಲೆಕ್ಕಕ್ಕಿಲ್ಲ. ಇಲ್ಲಿ ಮಕ್ಕಳು ಸುಳ್ಳು ಹೇಳುತ್ತಾರೆ, ಆಟದ ಹುಚ್ಚು ಇರುವವರಂತೂ ಖಂಡಿತ. ಅವನನ್ನು ಕೇಳುವ ಬದಲು ಜೊತೆಗೆ ಕೂರುವ ಗೆಳೆಯನನ್ನು ಕೇಳಿ: ಕ್ಲಾಸಿನಲ್ಲಿ ತಲೆ ಹಿಡಿದು ಕೂರುತ್ತಾನಾ, ಟ್ಯೂಬ್‌ಲೈಟ್ ಬೆಳಕಿಗೆ ಕಣ್ಣು ಕಿರಿದು ಮಾಡುತ್ತಾನಾ?

ಎಷ್ಟು ದಿನ? ದೊಡ್ಡ ಕ್ಲಬ್ಬುಗಳಿಗೆ ತಮ್ಮದೇ ವೈದ್ಯರಿರುತ್ತಾರೆ, ದಿನಾ ಪರೀಕ್ಷಿಸಿ ಬೇಗ ಮುಂದೆ ಕಳಿಸಬಹುದು. ನಮ್ಮ ಊರಿನ ಕಬಡ್ಡಿ ತಂಡಗಳಿಗೆ ಆ ಸೌಕರ್ಯ ಎಲ್ಲಿ ಬರಬೇಕು! ಅಂಥ ತಂಡಗಳಿಗೆ ಹೊಂದುವಂತಹದ್ದು ಬ್ರಿಟನ್ 2023ರಲ್ಲಿ ಸಾಮಾನ್ಯ ಆಟಗಾರರಿಗಾಗಿ ಹೊರಡಿಸಿದ ನಿಯಮ. ಲಕ್ಷಣ ಪೂರ್ತಿ ಹೋಗಿ 14 ದಿನ ಆಗುವವರೆಗೆ ಮೈ ತಾಗುವ ಅಭ್ಯಾಸ ಇಲ್ಲ. ಪೆಟ್ಟಾದ 21 ದಿನದೊಳಗೆ ಯಾವ ಪಂದ್ಯವೂ ಇಲ್ಲ. ನಿಮ್ಮ ಮಗನ ತಲೆನೋವು ಮುಂದಿನ ಮಂಗಳವಾರ, ಅಂದರೆ ಪೆಟ್ಟಾದ ಏಳನೇ ದಿನ ಹೋಯಿತು ಎಂದಿಟ್ಟುಕೊಳ್ಳಿ. ಮೈ ತಾಗುವ ಅಭ್ಯಾಸ 21ನೇ ದಿನಕ್ಕೆ ಬರುತ್ತದೆ. ಅದಕ್ಕೆ ಮೊದಲು ವೈದ್ಯರಿಗೆ ತೋರಿಸಿ ಒಪ್ಪಿಗೆ ಪಡೆಯಬೇಕು. ಅಭ್ಯಾಸದಲ್ಲಿ ಎರಡು ಮೂರು ದಿನ ಏನೂ ಆಗದಿದ್ದರೆ ಪಂದ್ಯ. ನೀವು ಹೇಳಿದ ಭಾನುವಾರ ಬರುವುದು 12ನೇ ದಿನ.

ಅವರಪ್ಪನಿಗೆ ಕಾರಣ ಬೇಕು ಅಂದರೆ ಇದನ್ನು ಹೇಳಿ. ರೈಡರನ್ನು ಹಿಡಿಯಲು ಮೂರು ನಾಲ್ಕು ಮಂದಿ ಒಟ್ಟಿಗೆ ಬೀಳುತ್ತಾರೆ, ಮೊಣಕೈ ಮೊಣಕಾಲು ತಲೆಗೆ ತಾಗದೆ ಇರುವುದಿಲ್ಲ. ಸುಧಾರಿಸದ ಮೆದುಳಿಗೆ ಇನ್ನೊಂದು ಪೆಟ್ಟು ಬಿದ್ದರೆ ವಾರಗಳಲ್ಲಿ ಮುಗಿಯಬೇಕಿದ್ದ ತಲೆನೋವು, ಮಂಕು ತಿಂಗಳುಗಟ್ಟಲೆ ಎಳೆಯುತ್ತದೆ, ಪಿಯುಸಿ ಪರೀಕ್ಷೆಯನ್ನೂ ನುಂಗುತ್ತದೆ. ಬಹಳ ಅಪರೂಪಕ್ಕೆ, ಹರೆಯದವರಲ್ಲಿ, ಎರಡನೇ ಪೆಟ್ಟಿನ ಬೆನ್ನಿಗೇ ಮೆದುಳು ಊದಿಕೊಂಡು ಪ್ರಾಣಕ್ಕೇ ಅಪಾಯವಾದದ್ದೂ ಇದೆ. ಅವನು ಪಂದ್ಯಕ್ಕೆ ಹೋಗಿ ಬೆಂಚಿನಲ್ಲಿ ಕೂರಬಹುದು. ಹೋಗುವಾಗ ಸ್ಕೂಟರ್ ಬೇಡ, ಬಸ್ಸಿನಲ್ಲಿ ಹೋಗಲಿ.

ಈ ವಯಸ್ಸಿನ ಬಹುತೇಕರು ನಾಲ್ಕು ವಾರದೊಳಗೆ ಸರಿಹೋಗುತ್ತಾರೆ. ಹೋಗದಿದ್ದರೆ ಇನ್ನೊಂದು ಸ್ಕ್ಯಾನಿಗೆ ದುಡ್ಡು ಹಾಕುವ ಮೊದಲು ಕುತ್ತಿಗೆಯನ್ನು ಪರೀಕ್ಷಿಸಲು ವೈದ್ಯರಿಗೆ ಹೇಳಿ. ಸ್ಕೂಟರಿನಿಂದ ಬಿದ್ದವರ ಕುತ್ತಿಗೆಯೂ ಉಳುಕಿರುತ್ತದೆ. ಎಷ್ಟೋ ಸಲ ಬಿಡದ ತಲೆನೋವು ಅಲ್ಲಿಂದಲೇ ಬರುತ್ತಿರುತ್ತದೆ, ಫಿಸಿಯೋಥೆರಪಿಗೆ ಬಗ್ಗುತ್ತದೆ. ತಲೆ ತಿರುಗಿಸಿದಾಗ ಸುತ್ತು ಬರುವುದಕ್ಕೂ ಫಿಸಿಯೋಥೆರಪಿಯವರಲ್ಲಿ ಬೇರೆಯೇ ವ್ಯಾಯಾಮಗಳಿವೆ.