ಎರಡು ತಿಂಗಳ ಯೂನಿಟ್ಟು, ಒಂದೇ ತಿಂಗಳ ಸ್ಲ್ಯಾಬು

ಪ್ರಶ್ನೆ: ರೀಡಿಂಗ್‌ಗೆ ಬಂದಾಗ ಮನೆಗೆ ಬೀಗ ಹಾಕಿತ್ತು. ಆ ತಿಂಗಳು ಸರಾಸರಿ ಬಿಲ್ ಬಂತು, ಕಟ್ಟಿದೆವು. ಮುಂದಿನ ತಿಂಗಳ ಬಿಲ್ ದುಪ್ಪಟ್ಟಿಗಿಂತ ಜಾಸ್ತಿ ಇದೆ. ಮೀಟರ್ ಜೋರಾಗಿ ಓಡ್ತಾ ಇದೆಯಾ?

ಉತ್ತರ: ಮೀಟರನ್ನು ಬಿಟ್ಟುಬಿಡಿ. ಈ ಪ್ರಶ್ನೆ ಕೇಳುವವರೆಲ್ಲ ಮೊದಲು ಅದನ್ನೇ ಅನುಮಾನಿಸುತ್ತಾರೆ, ಪರೀಕ್ಷೆಗೆ ದುಡ್ಡೂ ಕಟ್ಟುತ್ತಾರೆ. ಕೈಯಲ್ಲಿರುವ ಬಿಲ್ಲನ್ನು ಮಾತ್ರ ಓದುವುದಿಲ್ಲ. ತಪ್ಪು ಇರುವುದು ಸಾಮಾನ್ಯವಾಗಿ ಅಲ್ಲೇ.

ಲೆಕ್ಕಕ್ಕೆ ಒಂದು ದರ ಇಟ್ಟುಕೊಳ್ಳೋಣ. ತಿಂಗಳಿಗೆ ಮೊದಲ 100 ಯೂನಿಟ್‌ಗೆ 4 ರೂಪಾಯಿ, ಅದರ ಮೇಲಿನದಕ್ಕೆ 7 ರೂಪಾಯಿ. ಜೂನ್ 1ಕ್ಕೆ ರೀಡಿಂಗ್ 4310. ಜುಲೈ 1ಕ್ಕೆ ಬೀಗ, 90 ಯೂನಿಟ್‌ನ ಸರಾಸರಿ ಬಿಲ್, ನೀವು ಕಟ್ಟಿದ್ದು 360 ರೂಪಾಯಿ. ಆಗಸ್ಟ್ 1ಕ್ಕೆ ರೀಡಿಂಗ್ 4510. ಅಂದರೆ ಎರಡು ತಿಂಗಳಿಗೆ 200 ಯೂನಿಟ್.

ಈ 200 ಯೂನಿಟ್ಟನ್ನು ಒಂದೇ ತಿಂಗಳ ಸ್ಲ್ಯಾಬಿಗೆ ತುರುಕಿದರೆ 400ಕ್ಕೆ 700 ಸೇರಿ 1100 ರೂಪಾಯಿ ಆಗುತ್ತದೆ. ಇದು ತಪ್ಪು. ಎರಡು ತಿಂಗಳಾದ ಮೇಲೆ ಸ್ಲ್ಯಾಬೂ ಎರಡರಷ್ಟು ಅಗಲ ಆಗಬೇಕು, ಅಲ್ವಾ? ಕಡಿಮೆ ದರದ 100 ಯೂನಿಟ್ 200 ಆಗುತ್ತದೆ. ಆಗ ಎಲ್ಲಾ ಯೂನಿಟ್‌ಗೂ 4 ರೂಪಾಯಿಯೇ, ಒಟ್ಟು 800. ಅದರಲ್ಲಿ ಕಟ್ಟಿರುವ 360 ಕಳೆದರೆ ಬಾಕಿ 440. ಕೆಲವು ಕಡೆ ತಿಂಗಳ ಬದಲು ದಿನದ ಲೆಕ್ಕ ಹಾಕುತ್ತಾರೆ: 61 ದಿನವನ್ನು 30ರಿಂದ ಭಾಗಿಸಿ, ಸ್ಲ್ಯಾಬನ್ನು ಅಷ್ಟರಿಂದ ಗುಣಿಸುವುದು. ವ್ಯತ್ಯಾಸ ತೀರಾ ಸಣ್ಣದು, ಅದಕ್ಕೆ ಜಗಳ ಬೇಡ.

1100 ರೂಪಾಯಿಯ ತಪ್ಪು ಕಣ್ಣಿಗೆ ಹೊಡೆಯುತ್ತದೆ, ಅದಕ್ಕೇ ನೀವು ಪತ್ರ ಬರೆದಿರಿ. ನನಗೆ ಸಿಟ್ಟು ಬರಿಸುವುದು ಸದ್ದಿಲ್ಲದೆ ನುಸುಳುವ ಇನ್ನೊಂದು ತಪ್ಪು. ಬೀಗ ಹಾಕಿದ್ದ ತಿಂಗಳಲ್ಲಿ 4310ಕ್ಕೆ 90 ಸೇರಿಸಿ 4400 ಅಂತ ಒಂದು ರೀಡಿಂಗ್ ಹುಟ್ಟಿಸಿಬಿಡುತ್ತಾರೆ. ಮುಂದಿನ ಬಿಲ್‌ನಲ್ಲಿ ಅದೇ ‘ಹಿಂದಿನ ರೀಡಿಂಗ್’ ಆಗಿ ಕೂರುತ್ತದೆ. ಉಳಿದ 110 ಯೂನಿಟ್‌ಗೆ ಒಂದು ತಿಂಗಳ ಸ್ಲ್ಯಾಬ್ ಹಾಕಿದರೆ 470 ರೂಪಾಯಿ. ನೋಡಿದರೆ ಮಾಮೂಲಿ ಬಿಲ್ ಥರಾನೇ ಇರುತ್ತದೆ, ಆದರೆ 30 ರೂಪಾಯಿ ಜಾಸ್ತಿ. ಸರಾಸರಿಯನ್ನು ಇನ್ನೂ ಕಡಿಮೆ ಹಿಡಿದಿದ್ದರೆ ಈ ಮೊತ್ತ ಬೆಳೆಯುತ್ತದೆ, ಯಾಕೆಂದರೆ 100 ದಾಟಿದ ಯೂನಿಟ್ಟೆಲ್ಲ 7 ರೂಪಾಯಿಯ ಸ್ಲ್ಯಾಬಿಗೆ ಹೋಗಿ ಬೀಳುತ್ತದೆ. ನಮ್ಮ ಮನೆಯಲ್ಲೇ ಒಮ್ಮೆ ಹೀಗಾಗಿತ್ತು. ನಾನು ಕಂಡುಹಿಡಿದದ್ದು ಮೂರು ತಿಂಗಳ ನಂತರ, ಹಳೇ ಬಿಲ್ಲುಗಳನ್ನು ಪಕ್ಕಪಕ್ಕ ಇಟ್ಟಾಗ.

ಹಾಗಾಗಿ ಬಿಲ್ ಬಂದಾಗ ಮೊತ್ತ ನೋಡುವ ಮೊದಲು ಹಿಂದಿನ ರೀಡಿಂಗ್ ನೋಡಿ. ಅದು ನಿಜವಾಗಿ ಮೀಟರ್ ನೋಡಿ ಬರೆದದ್ದಾ, ಅಂದಾಜಾ? ಅಂದಾಜಾದರೆ ಅದಕ್ಕೂ ಹಿಂದಿನ ನಿಜವಾದ ರೀಡಿಂಗ್‌ನಿಂದ ಲೆಕ್ಕ ಶುರು ಮಾಡಿ. ಫಿಕ್ಸೆಡ್ ಚಾರ್ಜ್ ಕೂಡ ಗಮನಿಸಿ. ಸರಾಸರಿ ಬಿಲ್‌ನಲ್ಲಿ ಒಂದು ತಿಂಗಳದ್ದು ಕಟ್ಟಿದ್ದೀರಿ, ಈ ಬಿಲ್‌ನಲ್ಲಿ ಎರಡು ತಿಂಗಳದ್ದು ಹಾಕಿದ್ದರೆ ಒಂದು ವಾಪಸ್ ಬರಬೇಕು. ಮಧ್ಯೆ ದರ ಪರಿಷ್ಕರಣೆ ಆಗಿದ್ದರೆ ಮಾತ್ರ ನನ್ನ ಸರಳ ಲೆಕ್ಕ ನಡೆಯುವುದಿಲ್ಲ. ಆಗ ಹಳೇ ದರದ ದಿನಗಳನ್ನು ಬೇರೆ ಮಾಡಬೇಕು.

ದೂರು ಬರೆಯುವಾಗ ‘ಬಿಲ್ ತುಂಬಾ ಜಾಸ್ತಿ ಬಂದಿದೆ’ ಅಂತ ಅಳಬೇಡಿ. ಎರಡು ನಿಜವಾದ ರೀಡಿಂಗ್, ಅವುಗಳ ತಾರೀಕು, ನಿಮ್ಮ ಲೆಕ್ಕ, ಕಟ್ಟಿದ ಮೊತ್ತ, ಇಷ್ಟೇ ಬರೆಯಿರಿ. ಜೊತೆಗೆ ಮೀಟರಿನ ಫೋಟೋ ಇರಲಿ, ಅದರಲ್ಲಿ ಯೂನಿಟ್ಟಿನ ಗುರುತಾದ kWh ಅಕ್ಷರ ಕಾಣಬೇಕು. ಡಿಜಿಟಲ್ ಮೀಟರಿನ ಪರದೆಯಲ್ಲಿ ತಾರೀಕು, ವೋಲ್ಟೇಜ್, ಗರಿಷ್ಠ ಲೋಡ್ ಎಲ್ಲ ಸರದಿಯಲ್ಲಿ ಬಂದು ಹೋಗುತ್ತವೆ. ವೋಲ್ಟೇಜನ್ನೇ ರೀಡಿಂಗ್ ಅಂದುಕೊಂಡು ದೂರು ಕೊಟ್ಟವರನ್ನೂ ನೋಡಿದ್ದೇನೆ.

ಪ್ರಶ್ನೆ: ಒಂದು ಯೂನಿಟ್ಟೂ ಉರಿಸಿಲ್ಲ, ಆದರೂ ಬಿಲ್ ಯಾಕೆ?

ಉತ್ತರ: ಫಿಕ್ಸೆಡ್ ಚಾರ್ಜ್ ನಿಮಗೆ ಮಂಜೂರಾದ ಲೋಡ್‌ಗೆ, ಬಳಕೆಗಲ್ಲ. ಗರಿಷ್ಠ ಲೋಡ್ ವರ್ಷವಿಡೀ ಮಂಜೂರಾದದ್ದಕ್ಕಿಂತ ತುಂಬಾ ಕಡಿಮೆ ಇದ್ದರೆ ಲೋಡ್ ಇಳಿಸಲು ಅರ್ಜಿ ಹಾಕಿ.

ಪ್ರಶ್ನೆ: 101ನೇ ಯೂನಿಟ್ ಆದ ತಕ್ಷಣ ಎಲ್ಲಾ ಯೂನಿಟ್‌ಗೂ ಹೆಚ್ಚಿನ ದರ ಬೀಳುತ್ತಂತೆ, ಹೌದಾ?

ಉತ್ತರ: ಸಾಮಾನ್ಯವಾಗಿ ಇಲ್ಲ, ಆ ಒಂದು ಯೂನಿಟ್‌ಗೆ ಮಾತ್ರ. ಹೆಚ್ಚು ಬಳಸುವವರಿಗೆ ಎಲ್ಲಾ ಯೂನಿಟ್‌ಗೂ ಒಂದೇ ದರ ಹಾಕುವ ಪದ್ಧತಿಯೂ ಕೆಲವೆಡೆ ಇದೆ, ದರಪಟ್ಟಿ ತೆರೆದು ನೋಡಿ.

ಪ್ರಶ್ನೆ: ಪ್ಲಗ್‌ಗೆ ಚುಚ್ಚುವ ‘ಪವರ್ ಸೇವರ್’ ಡಬ್ಬಿಯಿಂದ ಬಿಲ್ ಅರ್ಧ ಆಗುತ್ತಂತೆ?

ಉತ್ತರ: ಒಳಗಿರುವುದು ಹೆಚ್ಚೆಂದರೆ ಒಂದು ಕೆಪಾಸಿಟರ್, ಒಂದು ದೀಪ. ಮನೆಯ ಬಿಲ್ kWh ಮೇಲೆ ಬರುತ್ತದೆ, ಕೆಪಾಸಿಟರ್ ಅದನ್ನು ಇಳಿಸುವುದಿಲ್ಲ. ಆ ದೀಪ ಉರಿಯುವುದೂ ನಿಮ್ಮದೇ ಕರೆಂಟಿನಲ್ಲಿ.