ವಾಟ್ಸಾಪ್ ಗ್ರೂಪಿನ ಮಾತುಕತೆಯಿಂದ ಎಫ್‌ಎಕ್ಯೂ ಪುಟ

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಹೊಸದಾಗಿ ಬಂದವರೆಲ್ಲ ಕೇಳಿದ್ದನ್ನೇ ಕೇಳ್ತಾರೆ. ಎರಡು ವರ್ಷದ ಪ್ರಶ್ನೆ, ಉತ್ತರ ಎಲ್ಲ ಕಾಪಿ ಮಾಡಿಟ್ಟುಕೊಂಡಿದ್ದೀನಿ. ಇದನ್ನ ಹೆಡ್ಡಿಂಗು, ಚಿಕ್ಕ ಉತ್ತರ ಇರೋ ಪುಟ ಮಾಡೋದು ಹೇಗೆ?

ನಮ್ಮ ಅಪಾರ್ಟ್‌ಮೆಂಟಿಗೆ ಇದೇ ಕೆಲಸ ನಾನು ಮಾಡಿದ್ದೇನೆ. ಪುಟ ಕಟ್ಟಲು ಒಂದು ಸಂಜೆ ಸಾಕಾಯಿತು. ಯಾವ ಉತ್ತರ ಯಾವ ಪ್ರಶ್ನೆಯದು ಎಂದು ಹೊಂದಿಸಲು ಮಾತ್ರ ಮೂರು ವಾರ ಹಿಡಿಯಿತು, ಹಾಗಾಗಿ ಅದನ್ನೇ ಮೊದಲು ಹೇಳುತ್ತೇನೆ.

ನೀವು ಕಾಪಿ ಮಾಡಿದ್ದು ಹೇಗೋ ಗೊತ್ತಿಲ್ಲ. `Export chat` ಒತ್ತಿ, `Without media` ಆರಿಸಿ ತೆಗೆದಿದ್ದರೆ ಒಂದು ಟೆಕ್ಸ್ಟ್ ಫೈಲ್ ಬಂದಿರುತ್ತದೆ. ಅದರಲ್ಲಿ ದಿನಾಂಕ, ಸಮಯ, ಹೆಸರು, ಮಾತು ಎಲ್ಲ ಇರುತ್ತವೆ, ಆದರೆ ಒಂದು ಮುಖ್ಯವಾದ ವಿಷಯ ಇರುವುದಿಲ್ಲ. ಫೋನಿನಲ್ಲಿ ಒಬ್ಬರ ಮೆಸೇಜನ್ನು ಬಲಕ್ಕೆ ಎಳೆದು ಅದಕ್ಕೇ ರಿಪ್ಲೈ ಕೊಟ್ಟಾಗ ಹಳೆಯ ಮಾತು ಮೇಲೆ ಚಿಕ್ಕದಾಗಿ ಕಾಣುತ್ತದಲ್ಲ, ಆ ಕೊಂಡಿ ಫೈಲಿಗೆ ಬರುವುದಿಲ್ಲ. ನಮ್ಮ ಫೈಲಿನಲ್ಲಿ ಸಿಕ್ಕಿದ್ದು ಹೀಗಿತ್ತು (ಹೆಸರಿನ ಬದಲು ಮನೆ ನಂಬರ್ ಹಾಕಿದ್ದೇನೆ):

```
14/06/22, 9:12 pm - ಬಿ-304: ಭಾನುವಾರ ಶಿಫ್ಟಿಂಗ್ ಬಿಡಲ್ವಾ? ಡೆಪಾಸಿಟ್ ಎಷ್ಟು
14/06/22, 9:13 pm - ಎ-102: ಟ್ಯಾಂಕರ್ ದುಡ್ಡು ಈ ತಿಂಗಳು ಎಷ್ಟು ಬಂತು
14/06/22, 9:31 pm - ಎ-405: 2000
14/06/22, 9:34 pm - ಸಿ-110: ಹೌದು
14/06/22, 9:40 pm - ಬಿ-304: ಥ್ಯಾಂಕ್ಸ್
```

ಆ 2000 ಡೆಪಾಸಿಟ್ಟೋ, ಟ್ಯಾಂಕರ್ ದುಡ್ಡೋ? ಫೈಲ್ ನೋಡಿ ಹೇಳಲು ಸಾಧ್ಯವೇ ಇಲ್ಲ. ಇಂಥ ಪ್ರತಿ ಕಡೆ ನಾನು ಫೋನಿನಲ್ಲಿ ಅದೇ ದಿನಾಂಕಕ್ಕೆ ಹೋಗಿ, ರಿಪ್ಲೈ ಯಾವುದಕ್ಕೆ ಎಂದು ನೋಡಿಕೊಂಡೆ. ಆ ‘ಹೌದು’ ಅಂತೂ ಇನ್ನೂ ಅಪಾಯದ್ದು. ‘ಬಿಡಲ್ವಾ’ ಎಂದು ಕೇಳಿದಾಗ ನಮ್ಮಲ್ಲಿ ‘ಹೌದು’ ಅಂದರೆ ‘ಹೌದು, ಬಿಡಲ್ಲ’ ಎಂದು. ಅದನ್ನು ಹಾಗೇ ಎತ್ತಿಕೊಂಡು, ಪ್ರಶ್ನೆಯನ್ನು ‘ಭಾನುವಾರ ಶಿಫ್ಟಿಂಗ್ ಮಾಡಬಹುದೇ?’ ಎಂದು ಚೊಕ್ಕ ಮಾಡಿ ಬರೆದರೆ ಉತ್ತರ ಪೂರ್ತಿ ತಿರುಗಿಬೀಳುತ್ತದೆ. ನನ್ನ ಮೊದಲ ಕರಡಿನಲ್ಲಿ ಆಗಿದ್ದು ಇದೇ. ಸೆಕ್ಯುರಿಟಿಯವರು ಓದಿ ಹಿಡಿದುಕೊಟ್ಟರು. ಅದಕ್ಕೇ ಪುಟದಲ್ಲಿ ಬರೀ ಹೌದು, ಇಲ್ಲ ಎಂದು ನಿಲ್ಲಿಸಬೇಡಿ. ‘ಭಾನುವಾರ ಶಿಫ್ಟಿಂಗ್ ಇಲ್ಲ’ ಎಂದು ಇಡೀ ವಾಕ್ಯ ಬರೆಯಿರಿ.

ಪ್ರಶ್ನೆಗಳನ್ನು ಹುಡುಕುವಾಗ ಪ್ರಶ್ನಾರ್ಥಕ ಚಿಹ್ನೆಯನ್ನು ನಂಬಿಕೊಂಡರೆ ಅರ್ಧಕ್ಕರ್ಧ ತಪ್ಪಿಹೋಗುತ್ತವೆ, ಏಕೆಂದರೆ ಗ್ರೂಪಿನಲ್ಲಿ ಅದನ್ನು ಹಾಕುವವರೇ ಕಡಿಮೆ. ಎಷ್ಟು, ಯಾವಾಗ, ಯಾರನ್ನ, ಎಲ್ಲಿ, ಗೊತ್ತಾ ಎನ್ನುವ ಪದಗಳನ್ನು ಹುಡುಕಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುವವರಿಗಾಗಿ ಒಂದೊಂದು ಪದವನ್ನೂ ಮೂರು ನಾಲ್ಕು ಬಗೆಯಲ್ಲಿ ಹುಡುಕಬೇಕು: `eshtu`, `estu`, `yeshtu`. ಸಿಕ್ಕಿದ್ದನ್ನೆಲ್ಲ ಒಂದು ಶೀಟಿನಲ್ಲಿ ಹಾಕಿ, ಒಂದು ಸಾಲಿಗೆ ಒಂದೇ ಪ್ರಶ್ನೆ ಇರಲಿ. ಬಿ-304ರವರು ಒಂದೇ ಉಸಿರಿನಲ್ಲಿ ಎರಡು ಕೇಳಿದ್ದಾರೆ, ಅವು ಎರಡು ಸಾಲಾಗಬೇಕು. ಪಕ್ಕದಲ್ಲಿ ಉತ್ತರ, ಅದರ ಪಕ್ಕದಲ್ಲಿ ಉತ್ತರ ಕೊಟ್ಟ ದಿನಾಂಕ. ಆ ದಿನಾಂಕದ ಕಾಲಂ ಬಿಡಲೇಬೇಡಿ.

ಯಾಕೆಂದರೆ ಡೆಪಾಸಿಟ್ ಪ್ರಶ್ನೆ ನಮ್ಮಲ್ಲಿ ಒಂಬತ್ತು ಸಲ ಬಂದಿತ್ತು. ಉತ್ತರ 2022ರಲ್ಲಿ 2000, 2023ರ ಕೊನೆಗೆ 3000, ನಡುವೆ ಒಬ್ಬರು ‘ನಾನು ಕೊಟ್ಟೇ ಇಲ್ಲ’ ಎಂದೂ ಹೇಳಿದ್ದರು. ಕೊನೆಯದೇ ಸರಿ ಎಂದುಕೊಳ್ಳುವುದು ಸುಲಭ, ಆದರೆ ಗ್ರೂಪಿನಲ್ಲಿ ಕೊನೆಗೆ ಮಾತಾಡಿದವರಿಗೆ ಗೊತ್ತಿರುತ್ತದೆ ಎಂದೇನಿಲ್ಲ. ಕಮಿಟಿಯ ಮೀಟಿಂಗ್ ಮಿನಿಟ್ಸ್ ತೆಗೆಸಿ ನೋಡಿದೆ. 3000 ಎಂದು ತೀರ್ಮಾನವಾಗಿದ್ದು ನಿಜ, ಆದರೆ ಅದನ್ನು ಮನೆಗೆ ಬರುವಾಗ ಒಮ್ಮೆ, ಖಾಲಿ ಮಾಡುವಾಗ ಇನ್ನೊಮ್ಮೆ ಕಟ್ಟಬೇಕಿತ್ತು. ಆ ಮಾತು ಗ್ರೂಪಿನಲ್ಲಿ ಎಲ್ಲೂ ಇರಲಿಲ್ಲ. ದುಡ್ಡು, ಸಮಯ, ದಂಡ ಇರುವ ಯಾವ ಉತ್ತರವನ್ನೂ ಸೆಕ್ರೆಟರಿಗೆ ತೋರಿಸದೆ ಪುಟಕ್ಕೆ ಹಾಕಬೇಡಿ. ಗ್ರೂಪಿನಲ್ಲಿದ್ದಾಗ ಅದು ಯಾರೋ ಒಬ್ಬರ ಮಾತು. ಪುಟಕ್ಕೆ ಬಂದ ಮೇಲೆ ಜನ ಅದನ್ನು ಅಸೋಸಿಯೇಷನ್ನಿನ ಮಾತು ಎಂದು ಗೇಟಿನಲ್ಲಿ ತೋರಿಸುತ್ತಾರೆ.

ಫೈಲಿನಲ್ಲಿ ನಿಮ್ಮ ಫೋನಿನಲ್ಲಿ ಸೇವ್ ಆಗದವರ ಮೊಬೈಲ್ ನಂಬರ್ ಹಾಗೇ ಬಂದಿರುತ್ತದೆ. ಶೀಟಿಗೆ ಹಾಕುವಾಗಲೇ ತೆಗೆದುಬಿಡಿ. ‘ಇಂಥವರು ಹೇಳಿದರು’ ಎನ್ನುವುದೂ ಬೇಡ.

ಇನ್ನು ಬರವಣಿಗೆ. ಹೆಡ್ಡಿಂಗನ್ನು ಕೇಳುವವರ ಪದದಲ್ಲೇ ಬರೆಯಿರಿ. ಸ್ಥಳಾಂತರ ಎಂದು ಯಾರೂ ಹುಡುಕುವುದಿಲ್ಲ, ಶಿಫ್ಟಿಂಗ್ ಎಂದು ಹುಡುಕುತ್ತಾರೆ. ಉತ್ತರದ ಮೊದಲ ವಾಕ್ಯದಲ್ಲೇ ಅವರಿಗೆ ಬೇಕಾದ್ದು ಸಿಗಬೇಕು, ಆಮೇಲೆ ಒಂದೋ ಎರಡೋ ವಾಕ್ಯದಲ್ಲಿ ಷರತ್ತು. ಕಾರಣ ವಿವರಿಸಲು ಹೋದರೆ ಉದ್ದವಾಗುತ್ತದೆ. ಮೇಲಿನ ಗೊಂದಲ ಕೊನೆಗೆ ಹೀಗಾಯಿತು:

```
<h2>ಶಿಫ್ಟಿಂಗ್</h2>
<h3 id="shifting-sunday">ಭಾನುವಾರ ಶಿಫ್ಟಿಂಗ್ ಮಾಡಬಹುದೇ?</h3>
<p>ಭಾನುವಾರ ಶಿಫ್ಟಿಂಗ್ ಇಲ್ಲ. ಉಳಿದ ದಿನ ಬೆಳಿಗ್ಗೆ 9ರಿಂದ ಸಂಜೆ 6.</p>
<h3 id="shifting-deposit">ಶಿಫ್ಟಿಂಗ್ ಡೆಪಾಸಿಟ್ ಎಷ್ಟು?</h3>
<p>3000 ರೂಪಾಯಿ. ಬರುವಾಗ ಒಮ್ಮೆ, ಖಾಲಿ ಮಾಡುವಾಗ ಒಮ್ಮೆ. ಲಿಫ್ಟಿಗೆ
ಏನೂ ಆಗದಿದ್ದರೆ ವಾಪಸ್.</p>
```

ವಿಷಯಕ್ಕೆ `h2`, ಪ್ರಶ್ನೆಗೆ `h3`. ಗೂಗಲ್ ಡಾಕ್ಸ್‌ನಲ್ಲಿ ಮಾಡುವುದಾದರೆ ಅಕ್ಷರ ದಪ್ಪ ಮಾಡಿ ಬಿಡಬೇಡಿ, `Heading 2`, `Heading 3` ಎಂದೇ ಆರಿಸಿ. ಹಾಗೆ ಮಾಡಿದರೆ ಪಕ್ಕದಲ್ಲಿ ಪಟ್ಟಿ ತಾನಾಗಿ ಬರುತ್ತದೆ, ಒಂದೊಂದು ಪ್ರಶ್ನೆಗೂ ಬೇರೆ ಲಿಂಕ್ ಸಿಗುತ್ತದೆ.

ಆ ಬೇರೆ ಲಿಂಕ್ ಬಹಳ ಉಪಯೋಗಕ್ಕೆ ಬರುತ್ತದೆ. ಗ್ರೂಪಿನಲ್ಲಿ ಯಾರಾದರೂ ಮತ್ತೆ ಡೆಪಾಸಿಟ್ ಕೇಳಿದಾಗ ಇಡೀ ಪುಟ ಕಳಿಸಿದರೆ ಯಾರೂ ಓದುವುದಿಲ್ಲ, ನೇರವಾಗಿ ಆ ಉತ್ತರಕ್ಕೇ ಹೋಗುವ ಲಿಂಕ್ ಕಳಿಸಿದರೆ ಓದುತ್ತಾರೆ. ಆ ಲಿಂಕಿನ ಕೊನೆಗೆ ಬರುವುದು `id`, ಅದಕ್ಕೇ ಅದನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಇಟ್ಟಿದ್ದೇನೆ. ಮೊದಲು ಕನ್ನಡದಲ್ಲೇ ‘ನೀರು’ ಎಂದು ಇಟ್ಟಿದ್ದೆ. ಕಾಪಿ ಮಾಡಿ ಗ್ರೂಪಿಗೆ ಹಾಕಿದರೆ `%E0%B2%A8%E0%B3%80` ಎಂದು ಶುರುವಾಗಿ ಉದ್ದಕ್ಕೆ ಬಂತು. ಏನೋ ವೈರಸ್ ಇರಬೇಕು ಎಂದು ಹಿರಿಯರೊಬ್ಬರು ಒತ್ತಲೇ ಇಲ್ಲ.

ಕೊನೆಗೆ ನಮ್ಮಲ್ಲಿ ಇನ್ನೂರಕ್ಕೂ ಹೆಚ್ಚು ಸಾಲು ಕರಗಿ ಇಪ್ಪತ್ತಾರು ಪ್ರಶ್ನೆ ಉಳಿದವು. ಒಂದೇ ಸಲ ಕೇಳಿದ್ದನ್ನು ಬಿಟ್ಟೆ, ‘ಇವತ್ತು ನೀರು ಯಾಕಿಲ್ಲ’ ಎನ್ನುವಂಥವನ್ನೂ ಬಿಟ್ಟೆ. ವಾಯ್ಸ್ ಮೆಸೇಜಿನಲ್ಲಿ ಬಂದ ಉತ್ತರಗಳು ಫೈಲಿನಲ್ಲಿ `<Media omitted>` ಎಂದಷ್ಟೇ ಇರುತ್ತವೆ. ಪ್ರಶ್ನೆಯ ಕೆಳಗೆ ಅದೇ ಕಂಡರೆ ಫೋನಿನಲ್ಲಿ ಕೇಳಿ ಬರೆದುಕೊಳ್ಳಿ, ನಮ್ಮ ಪ್ಲಂಬಿಂಗ್ ಉತ್ತರಗಳೆಲ್ಲ ಅದರಲ್ಲೇ ಇದ್ದವು. ಪ್ರತಿ ಉತ್ತರದ ಕೆಳಗೆ ಯಾವ ತಿಂಗಳು ನೋಡಿ ಖಚಿತಪಡಿಸಿದ್ದು ಎಂದು ಚಿಕ್ಕದಾಗಿ ಹಾಕಿ.

ಗ್ರೂಪಿಗೆ ಹಾಕುವ ಮುಂಚೆ ಆ ವಾರ ಬಾಡಿಗೆಗೆ ಬಂದಿದ್ದ ಒಬ್ಬರ ಕೈಗೆ ಫೋನ್ ಕೊಟ್ಟು, ‘ಮನೆ ಬಿಡೋವಾಗ ಎಷ್ಟು ಕಟ್ಟಬೇಕು, ಇದರಲ್ಲಿ ನೋಡಿ ಹೇಳಿ’ ಎಂದೆ. ಅವರು ಶಿಫ್ಟಿಂಗ್ ದಾಟಿಕೊಂಡು ಕೆಳಗಿನ ಮೆಂಟೆನೆನ್ಸ್ ಭಾಗಕ್ಕೆ ಹೋಗಿ ಹುಡುಕತೊಡಗಿದರು. ಅವತ್ತೇ ಆ ಹೆಡ್ಡಿಂಗನ್ನು ‘ಶಿಫ್ಟಿಂಗ್: ಮನೆಗೆ ಬರುವಾಗ, ಖಾಲಿ ಮಾಡುವಾಗ’ ಎಂದು ಬದಲಾಯಿಸಿದೆ.